ಓಪನ್ ಲೂಪ್‌ನಲ್ಲಿ ಒಂದೇ ಪೋಲ್ ಕಾಣ್ತಿದೆ, ಲೂಪ್ ಮುಚ್ಚಿದರೆ ಮೋಟಾರ್ ಕುಣೀತಿದೆ. ಡಾಮಿನೆಂಟ್ ಪೋಲ್ ಲೆಕ್ಕ ಎಲ್ಲಿ ತಪ್ಪಿತು?

ಸರ್ವೋ_ಸಂಕಟ

ನಮಸ್ಕಾರ ಎಲ್ಲರಿಗೂ. ಕೊನೆಯ ವರ್ಷದ ಪ್ರಾಜೆಕ್ಟ್, 24 ವೋಲ್ಟ್ ಡಿಸಿ ಮೋಟಾರ್‌ನ ವೇಗ ನಿಯಂತ್ರಣ. ಮೊದಲು ಫೀಡ್‌ಬ್ಯಾಕ್ ಇಲ್ಲದೆ ಸ್ಟೆಪ್ ಕೊಟ್ಟು ಟ್ಯಾಕೋ ಸಿಗ್ನಲ್ಲನ್ನು ಸ್ಕೋಪ್‌ನಲ್ಲಿ ನೋಡಿದೆ. ಸುಂದರವಾದ ಒಂದೇ ಎಕ್ಸ್‌ಪೊನೆನ್ಷಿಯಲ್ ಗೆರೆ. 63% ತಲುಪೋಕೆ 110 ಮಿಲಿಸೆಕೆಂಡ್ ಆಸುಪಾಸು. ಅದಕ್ಕೇ ಇಡೀ ಮೋಟಾರನ್ನು ಒಂದೇ ಪೋಲ್ ಇರುವ ಮಾಡೆಲ್ ಅಂತ ತಗೊಂಡೆ: `1/(0.11s+1)`.

ಲೂಪ್ ಗೇನ್ 20 ಇಟ್ಟರೆ ಟೈಮ್ ಕಾನ್ಸ್ಟೆಂಟ್ 110/21, ಅಂದರೆ 5 ಮಿಲಿಸೆಕೆಂಡ್ ಚಿಲ್ಲರೆ. 20 ಮಿಲಿಸೆಕೆಂಡ್‌ನಲ್ಲಿ ಸೆಟಲ್ ಆಗಬೇಕು, ಓವರ್‌ಶೂಟ್ ಸೊನ್ನೆ. ಆಗಿದ್ದೇನು? ಓವರ್‌ಶೂಟ್ 45% ಹತ್ತಿರ! ಎರಡು ಮೂರು ಸಲ ಕುಣಿದು ಆಮೇಲೆ ನಿಂತಿತು. ಒಂದು ಏರಿನಿಂದ ಇನ್ನೊಂದು ಏರಿಗೆ 47 ಮಿಲಿಸೆಕೆಂಡ್. ಒಂದು ಪೋಲ್ ಇರೋ ಸಿಸ್ಟಮ್ ಓವರ್‌ಶೂಟ್ ಮಾಡೋಕೇ ಆಗಲ್ಲ ಅಲ್ವಾ? ಗೈಡ್ ಕೇಳಿದರೆ ಏನು ಹೇಳಲಿ?

ಐದುಪಟ್ಟು

ಲೆಕ್ಕದಲ್ಲಿ ತಪ್ಪಿಲ್ಲ ತಮ್ಮಾ. ನಿಯಮ ಸರಳ. ಉಳಿದ ಪೋಲ್‌ಗಳು ಮುಖ್ಯ ಪೋಲ್‌ಗಿಂತ ಐದು ಪಟ್ಟು ಎಡಕ್ಕಿದ್ದರೆ ಕಣ್ಣು ಮುಚ್ಚಿ ಬಿಟ್ಟುಬಿಡಬಹುದು. ನಿನ್ನ ಮೋಟಾರಿನ ಪೋಲ್ -10 ಹತ್ತಿರ ಇದೆ. ವೈಂಡಿಂಗ್‌ನ ಪೋಲ್ ಯಾವಾಗಲೂ ನೂರಾರರಲ್ಲಿ ಇರುತ್ತದೆ. ಅದು ಲೆಕ್ಕಕ್ಕೆ ಬರಲ್ಲ. ಟ್ಯಾಕೋದ ಗ್ರೌಂಡ್ ಸರಿಯಾಗಿ ಕೂತಿದೆಯಾ ನೋಡು, ಕಪ್ಲಿಂಗ್ ಸ್ಕ್ರೂ ಲೂಸ್ ಇದ್ದರೂ ಹೀಗೆ ಕುಣಿಯುತ್ತೆ.

ಸರ್ವೋ_ಸಂಕಟ

ಸ್ಕ್ರೂ ಎರಡು ಸಲ ಬಿಗಿ ಮಾಡಿದೆ ಅಣ್ಣ. ಏನೂ ಬದಲಾಗಲಿಲ್ಲ.

ರೇಡಿಯೋ_ರಾಯ

ಡಾಮಿನೆಂಟ್ ಪೋಲ್ ಅಂದರೆ ನಮ್ಮ ಕಾಲದವರಿಗೆ ಮೊದಲು ನೆನಪಾಗೋದು 741 ಆಪ್-ಆಂಪ್. ಒಳಗೆ 30 ಪಿಕೋಫ್ಯಾರಡ್ ಕೆಪಾಸಿಟರ್ ಕೂರಿಸಿ ಒಂದು ಪೋಲನ್ನು ಸುಮಾರು 5 ಹರ್ಟ್ಸ್‌ಗೆ ಎಳೆದು ತಂದಿದ್ದಾರೆ. ಗೇನ್ ಎರಡು ಲಕ್ಷ ಇದ್ದರೂ ಅದು 1 ಮೆಗಾಹರ್ಟ್ಸ್‌ಗೆ ಬರುವಷ್ಟರಲ್ಲಿ 1 ಆಗಿಬಿಡುತ್ತದೆ. ಉಳಿದ ಪೋಲ್‌ಗಳು ತೊಂದರೆ ಕೊಡೋ ಜಾಗಕ್ಕೆ ಬರುವ ಮೊದಲೇ ಆಟ ಮುಗಿದಿರುತ್ತೆ. ನೀನೂ ಟ್ಯಾಕೋಗೆ ಒಂದು ದೊಡ್ಡ ಕೆಪಾಸಿಟರ್ ಹಾಕು, 47 ಮೈಕ್ರೋ ಇರಲಿ. ಎಲ್ಲ ತಣ್ಣಗಾಗುತ್ತೆ.

ಡ್ರೈವ್_ಅಕ್ಕ

ಸಂಕಟ, ಟ್ಯಾಕೋ ಮತ್ತು ಕಂಟ್ರೋಲರ್ ಮಧ್ಯೆ ಏನಾದರೂ ಫಿಲ್ಟರ್ ಹಾಕಿದ್ದೀಯಾ? ವೈಂಡಿಂಗ್‌ನ ರೆಸಿಸ್ಟೆನ್ಸ್, ಇಂಡಕ್ಟೆನ್ಸ್ ಅಳೆದಿದ್ದೀಯಾ? ಆಮೇಲೆ, ಸ್ಟೆಪ್ ಎಷ್ಟು ದೊಡ್ಡದು ಕೊಟ್ಟೆ? ಗೇನ್ 20 ಇದ್ದಾಗ ದೊಡ್ಡ ಸ್ಟೆಪ್ ಕೊಟ್ಟರೆ ಡ್ರೈವರ್ 24 ವೋಲ್ಟ್‌ಗೆ ಹೋಗಿ ತಲೆ ಗುದ್ದಿಕೊಳ್ಳುತ್ತೆ. ಆಗ ನಮ್ಮ ಪೋಲ್ ಲೆಕ್ಕ ಯಾವುದೂ ನಡೆಯಲ್ಲ.

ಸರ್ವೋ_ಸಂಕಟ

ಅಕ್ಕ, ಸ್ಟೆಪ್ ಚಿಕ್ಕದೇ, ರೆಫರೆನ್ಸ್‌ನಲ್ಲಿ 50 ಮಿಲಿವೋಲ್ಟ್. ಡ್ರೈವರ್ ಮಿತಿ ಮುಟ್ಟಲಿಲ್ಲ, ಅದನ್ನೂ ಸ್ಕೋಪ್‌ನಲ್ಲಿ ನೋಡಿದೆ. ವೈಂಡಿಂಗ್ 2 ಓಮ್, 4 ಮಿಲಿಹೆನ್ರಿ. ಹೌದು, ಫಿಲ್ಟರ್ ಇದೆ. 10 ಕಿಲೋಓಮ್, 1 ಮೈಕ್ರೋಫ್ಯಾರಡ್. ಬ್ರಷ್‌ನ ಗಲಾಟೆ ಜಾಸ್ತಿ ಇತ್ತು ಅಂತ ಹಾಕಿದೆ. ಅದು ಬರೀ 10 ಮಿಲಿಸೆಕೆಂಡ್ ಅಲ್ವಾ, 110ರ ಮುಂದೆ ಏನೂ ಅಲ್ಲ ಅಂತ ಬಿಟ್ಟುಬಿಟ್ಟೆ.

ಡ್ರೈವ್_ಅಕ್ಕ

ಸಿಕ್ಕಿತು ಕಳ್ಳ. ನಿನ್ನ ಹತ್ತಿರ ಮೂರು ಪೋಲ್ ಇದೆ. ಮೋಟಾರಿನ ಜಡತ್ವದ್ದು 100 ಮಿಲಿಸೆಕೆಂಡ್, ಫಿಲ್ಟರ್‌ದು 10, ವೈಂಡಿಂಗ್‌ದು 4 ಮಿಲಿಹೆನ್ರಿ ಭಾಗಿಸು 2 ಓಮ್, ಅಂದರೆ 2. ಮೂರನ್ನೂ ಕೂಡಿಸಿದರೆ 112. ನೀನು ಸ್ಕೋಪ್‌ನಲ್ಲಿ ನೋಡಿದ 110 ಅದೇ. ನೀನು ಬಿಟ್ಟಿದ್ದೇನೆ ಅಂದುಕೊಂಡ ಪೋಲ್‌ಗಳು ಬಿಟ್ಟು ಹೋಗಿರಲಿಲ್ಲ, ಆ 110ರ ಒಳಗೇ ಬಚ್ಚಿಟ್ಟುಕೊಂಡಿದ್ದವು.

ಪರೀಕ್ಷೆ ಮಾಡಬೇಕಾ? ಸ್ಕೋಪ್ ಅನ್ನು ಡಿವಿಷನ್‌ಗೆ 5 ಮಿಲಿಸೆಕೆಂಡ್ ಇಟ್ಟು ಗೆರೆಯ ಬುಡ ನೋಡು. ನಿಜವಾಗಿ ಒಂದೇ ಪೋಲ್ ಇದ್ದರೆ ಗೆರೆ ಶುರುವಿನಿಂದಲೇ ಚೂಪಾಗಿ ಏರುತ್ತೆ. ನಿನ್ನದು ಮೊದಲ ಹತ್ತು ಹನ್ನೆರಡು ಮಿಲಿಸೆಕೆಂಡ್ ಚಪ್ಪಟೆಯಾಗಿ ತೆವಳಿ ಆಮೇಲೆ ಏಳುತ್ತೆ. ಡಿವಿಷನ್‌ಗೆ 100 ಇಟ್ಟು ನೋಡಿದರೆ ಆ ಬುಡ ಗೆರೆಯ ದಪ್ಪದಲ್ಲೇ ಮುಚ್ಚಿಹೋಗುತ್ತೆ.

ಈಗ ಐದುಪಟ್ಟು ಅವರ ನಿಯಮ. ನಿಯಮ ತಪ್ಪಲ್ಲ, ಹಾಕಿದ ಜಾಗ ತಪ್ಪು. ಫೀಡ್‌ಬ್ಯಾಕ್ ಇಲ್ಲದೆ ಮೋಟಾರ್ ಓಡಿಸುವುದಾದರೆ -10ರ ಮುಂದೆ -100 ಹತ್ತು ಪಟ್ಟು ದೂರ, ಖುಷಿಯಾಗಿ ಬಿಡಬಹುದು. ಲೂಪ್ ಮುಚ್ಚಿದ ಕೂಡಲೇ ಪೋಲ್‌ಗಳು ಇದ್ದಲ್ಲಿ ಇರಲ್ಲ. ಗೇನ್ ಏರಿಸುತ್ತಾ ಹೋದರೆ -10 ಎಡಕ್ಕೆ ಹೊರಡುತ್ತೆ, -100 ಬಲಕ್ಕೆ ಬರುತ್ತೆ. ಗೇನ್ 2 ಆಗುವ ಮೊದಲೇ ಎರಡೂ -53ರ ಹತ್ತಿರ ಸೇರುತ್ತವೆ, ಅಲ್ಲಿಂದ ಜೋಡಿಯಾಗಿ ಮೇಲೆ ಕೆಳಗೆ ಚಿಮ್ಮುತ್ತವೆ. ನೀನು 20ರಲ್ಲಿದ್ದೀಯ. ಇದನ್ನು ಓಡಿಸಿ ನೋಡು:

```python
import numpy as np
T1, T2, T3, K = 0.1, 0.01, 0.002, 20
d = np.polymul(np.polymul([T1,1],[T2,1]),[T3,1])
d[-1] += K
print(np.roots(d))
```

ಸರ್ವೋ_ಸಂಕಟ

ಬಂತು. ಒಂದು -542, ಇನ್ನೆರಡು -33.8 ± 135j.

135 ಅಂದರೆ 21.5 ಹರ್ಟ್ಸ್. ಒಂದು ಸುತ್ತಿಗೆ 46.5 ಮಿಲಿಸೆಕೆಂಡ್. ನಾನು ಸ್ಕೋಪ್‌ನಲ್ಲಿ 47 ಎಣಿಸಿದ್ದೆ! ಅಕ್ಕ, ಮೈ ಜುಂ ಅಂತು.

ಡ್ರೈವ್_ಅಕ್ಕ

ಈಗ ಐದು ಪಟ್ಟಿನ ನಿಯಮ ಇಲ್ಲಿ ಹಾಕು. -33.8ರ ಮುಂದೆ -542 ಹದಿನಾರು ಪಟ್ಟು ದೂರ. ಧೈರ್ಯವಾಗಿ ಕಿತ್ತು ಹಾಕು. ಉಳಿದ ಜೋಡಿಯಿಂದ ಡ್ಯಾಂಪಿಂಗ್ ಅನುಪಾತ 0.24, ಓವರ್‌ಶೂಟ್ 45%, ಸೆಟಲ್ ಆಗೋಕೆ 4/33.8, ಅಂದರೆ ಸುಮಾರು 118 ಮಿಲಿಸೆಕೆಂಡ್. ಮೂರನೇ ದರ್ಜೆಯ ಮಾಡೆಲ್ ಎರಡಕ್ಕೆ ಇಳಿಯಿತು, ಉತ್ತರ ನಿನ್ನ ಸ್ಕೋಪ್ ಜೊತೆ ಕೂತಿತು. ಲೂಪ್ ಮುಚ್ಚಿದ ಮೇಲೆ ಇಳಿಸಿದೆವು, ಅಷ್ಟೇ ವ್ಯತ್ಯಾಸ.

ರಾಯರೇ, ನಿಮ್ಮ 741 ಉದಾಹರಣೆ ಬೇರೆ ಮಾತು, ಆದರೆ ಚೆನ್ನಾಗಿದೆ. ಅಲ್ಲಿ ಪೋಲನ್ನು ಬೇಕು ಅಂತಲೇ ಕೆಳಕ್ಕೆ ತಂದು ಡಾಮಿನೆಂಟ್ ಮಾಡಿದ್ದಾರೆ. ಇಲ್ಲಿ ಪ್ರಶ್ನೆ ಇರೋ ಮಾಡೆಲನ್ನು ಚಿಕ್ಕದು ಮಾಡೋದು. 47 ಮೈಕ್ರೋ ಹಾಕಿದರೆ ಫಿಲ್ಟರ್ 470 ಮಿಲಿಸೆಕೆಂಡ್ ಆಗುತ್ತೆ. ಅದೂ ಮೋಟಾರಿನ 100ರಿಂದ ಸಾಕಷ್ಟು ದೂರ ಇಲ್ಲ. ಡ್ಯಾಂಪಿಂಗ್ 0.27 ಬರುತ್ತೆ, ಹೆಚ್ಚು ಕಡಿಮೆ ಅದೇ ಕುಣಿತ, ಆರೇಳು ಪಟ್ಟು ನಿಧಾನವಾಗಿ. ಜೊತೆಗೆ ಕೆಪಾಸಿಟರ್ ಕೂತಿರೋದು ಫೀಡ್‌ಬ್ಯಾಕ್ ದಾರಿಯಲ್ಲಿ. ಫಿಲ್ಟರ್ ಆದ ಸಿಗ್ನಲ್ ಸಾಧುವಾಗಿ ಕಂಡರೂ ಶಾಫ್ಟ್ ಅದಕ್ಕಿಂತ ಜಾಸ್ತಿ ಎಗರುತ್ತೆ. ಕಣ್ಣಿಗೆ ಬಟ್ಟೆ ಕಟ್ಟಿ ಗಾಡಿ ಓಡಿಸಿದ ಹಾಗೆ.

ರೇಡಿಯೋ_ರಾಯ

ಒಪ್ಪಿದೆ ತಾಯಿ. ನನ್ನ ಕೈಗೆ ಸುತ್ತಿಗೆ ಸಿಕ್ಕಿದರೆ ಎಲ್ಲವೂ ಮೊಳೆ ಅಲ್ಲ, ಕೆಪಾಸಿಟರ್.

ಐದುಪಟ್ಟು

ಸರಿ, ಫಿಲ್ಟರ್ ಇರೋದು ನನಗೆ ಗೊತ್ತಿರಲಿಲ್ಲ. ಆದರೆ ವೈಂಡಿಂಗ್ ಪೋಲ್ ಬಗ್ಗೆ ನನ್ನ ಮಾತು ನಿಲ್ಲುತ್ತೆ ನೋಡಿ. ಅದು -500ರಲ್ಲಿದೆ. ಮೋಟಾರ್ ಮತ್ತು ಫಿಲ್ಟರ್ ಎರಡೇ ಇಟ್ಟುಕೊಂಡರೆ ಸಾಕು. ಜೋಡಿ ಸೊನ್ನೆಯಿಂದ 145 ದೂರದಲ್ಲಿ ಬರುತ್ತೆ, 500 ಎಲ್ಲಿ, 145 ಎಲ್ಲಿ.

ಡ್ರೈವ್_ಅಕ್ಕ

ಮಾಡಿ ನೋಡಿದಿರಾ? ಎರಡೇ ಪೋಲ್ ಇಟ್ಟರೆ ಓವರ್‌ಶೂಟ್ 28% ಅಂತ ಹೇಳುತ್ತೆ. ನಿಜ 45.

ಕಾರಣ ಇದು. ಲೂಪ್ ಗೇನ್ 1 ಆಗುವ ಜಾಗ ಇಲ್ಲಿ ಸೆಕೆಂಡಿಗೆ ಸುಮಾರು 122 ರೇಡಿಯನ್. ಆ ಜಾಗದಲ್ಲಿ ವೈಂಡಿಂಗ್ ಪೋಲ್ ಗೇನ್ ಅನ್ನು ಮುಟ್ಟೋದೇ ಇಲ್ಲ, ಬರೀ 3% ಕಡಿಮೆ ಮಾಡುತ್ತೆ. ಆದರೆ ಫೇಸ್‌ನಲ್ಲಿ 14 ಡಿಗ್ರಿ ತಿನ್ನುತ್ತೆ. ಅದಿಲ್ಲದಿದ್ದರೆ ಫೇಸ್ ಮಾರ್ಜಿನ್ 43 ಇರುತ್ತಿತ್ತು, ಇದೆ ಅಂತಾದ ಮೇಲೆ 30. ದೂರದ ಪೋಲ್ ಗೇನ್‌ನಲ್ಲಿ ಬೇಗ ಮಾಯವಾಗುತ್ತೆ, ಫೇಸ್‌ನಲ್ಲಿ ಬಹಳ ದೂರದವರೆಗೆ ವಾಸನೆ ಬಿಡುತ್ತೆ. ಹೀಗಾಗಿ ಲೂಪ್ ಮುಚ್ಚುವ ಮೊದಲೇ ಮಾಡೆಲ್ ಇಳಿಸಲೇಬೇಕು ಅಂದರೆ ನಾನು ನೋಡೋದು ಪೋಲ್‌ಗಳ ನಡುವಿನ ಅಂತರವನ್ನಲ್ಲ. ಗೇನ್ 1 ಆಗುವ ಆ ಜಾಗದಿಂದ ಎಷ್ಟು ದೂರ ಅನ್ನೋದನ್ನು. ನಾಲ್ಕು ಪಟ್ಟು ದೂರ ಇದ್ದರೆ ಸಾಲದು. ಹತ್ತು ಪಟ್ಟು ಇದ್ದರೂ ಐದಾರು ಡಿಗ್ರಿ ಹೋಗುತ್ತೆ.

ಐದುಪಟ್ಟು

ಹಾಂ. 14 ಡಿಗ್ರಿ ನಾನು ಅಂದುಕೊಂಡಿರಲಿಲ್ಲ. ಹೆಸರು ಬದಲಾಯಿಸಿಕೊಳ್ಳಬೇಕೇನೋ.

ಓವನ್_ಮನೆ

ನಮ್ಮದು ಬೇಕರಿ, ಮೋಟಾರ್ ಅಲ್ಲ. ಆದರೂ ಕೇಳ್ತೀನಿ, ಇದೇ ಸಮಸ್ಯೆ ಇರಬಹುದು ಅನ್ಸುತ್ತೆ. ಓವನ್ನಿಗೆ ಪಿಐ ಕಂಟ್ರೋಲರ್ ಇದೆ. 180ರಿಂದ 200 ಡಿಗ್ರಿಗೆ ಏರಿಸಿದರೆ 199ಕ್ಕೆ ಮೂರು ನಾಲ್ಕು ನಿಮಿಷದಲ್ಲಿ ಬರುತ್ತೆ. ಆ ಕೊನೆಯ ಒಂದು ಡಿಗ್ರಿಗೆ ಅರ್ಧ ಗಂಟೆಗೂ ಮೇಲೆ. ರಿಪೇರಿಯವನು ಬಂದು ‘ನಿಮ್ಮ ಓವನ್ ನಿಧಾನದ್ದು’ ಅಂದ. ನಿಧಾನ ಇದ್ದರೆ ಮೊದಲ 19 ಡಿಗ್ರಿ ಹೇಗೆ ಬೇಗ ಬಂತು?

ಡ್ರೈವ್_ಅಕ್ಕ

ನಿಮ್ಮದು ಉಲ್ಟಾ ಕೇಸ್, ಒಳ್ಳೇ ಸಮಯಕ್ಕೆ ತಂದಿರಿ. ನಿಮ್ಮಲ್ಲಿ ಎಲ್ಲಕ್ಕಿಂತ ನಿಧಾನದ ಪೋಲ್ ಇದೆ, ಆದರೆ ಅದು ಡಾಮಿನೆಂಟ್ ಅಲ್ಲ.

ಸುಮ್ನೆ ಒಂದು ಅಂದಾಜು. ಲೂಪ್ ಮುಚ್ಚಿದ ಮೇಲೆ ಎರಡು ಪೋಲ್ ಇವೆ ಅಂದುಕೊಳ್ಳಿ. ಒಂದು 1 ನಿಮಿಷದ್ದು, ಇನ್ನೊಂದು 20 ನಿಮಿಷದ್ದು. ಅಂತರ ಮಾತ್ರ ನೋಡುವವರು 20 ನಿಮಿಷದ್ದೇ ರಾಜ ಅಂತ ಹೇಳಿ, 80 ನಿಮಿಷ ಬೇಕು ಅಂತ ಲೆಕ್ಕ ಕೊಡುತ್ತಾರೆ. ಆದರೆ ಪಿಐನ ಇಂಟಿಗ್ರಲ್ ಟೈಮ್ 19 ನಿಮಿಷ ಇದ್ದರೆ, ಅದು ಆ ಪೋಲ್ ಪಕ್ಕದಲ್ಲೇ ಒಂದು ಝೀರೋ ತಂದು ಕೂರಿಸುತ್ತೆ. ಝೀರೋ ಪೋಲ್‌ನ ಬಹುಪಾಲು ಬಲವನ್ನು ನುಂಗಿಬಿಡುತ್ತೆ. ಇಡೀ ಏರಿಕೆಯಲ್ಲಿ ಆ ಪೋಲ್‌ಗೆ ಸಿಗುವ ಪಾಲು ಬರೀ 5%. ನಿಮ್ಮ 20 ಡಿಗ್ರಿಯಲ್ಲಿ 5% ಅಂದರೆ ಎಷ್ಟು?

ಓವನ್_ಮನೆ

ಒಂದು ಡಿಗ್ರಿ. ಅಯ್ಯೋ, ಅದೇ ಒಂದು ಡಿಗ್ರಿ!

ಡ್ರೈವ್_ಅಕ್ಕ

ಅದೇ. 20 ನಿಮಿಷ ಕಳೆದ ಮೇಲೂ ಅದರಲ್ಲಿ ಮೂರರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಉಳಿದಿರುತ್ತೆ. ಪೋಲ್ ಎಲ್ಲಿದೆ ಅನ್ನೋದು ಎಷ್ಟು ಹೊತ್ತು ಅನ್ನೋದನ್ನು ಹೇಳುತ್ತೆ. ಎಷ್ಟು ಜೋರು ಅನ್ನೋದನ್ನು ಪಕ್ಕದ ಝೀರೋ ಹೇಳುತ್ತೆ. ಬನ್ನಿನ ಬಣ್ಣಕ್ಕೆ ಒಂದು ಡಿಗ್ರಿ ಲೆಕ್ಕಕ್ಕಿಲ್ಲ ಅಂದರೆ ಆ ಪೋಲನ್ನು ಮರೆತು 1 ನಿಮಿಷದ ಮಾಡೆಲ್ ಇಟ್ಟುಕೊಳ್ಳಿ. ಒಂದು ಡಿಗ್ರಿ ಮುಖ್ಯ ಅಂದರೆ ಮರೆಯೋ ಹಾಗಿಲ್ಲ. ಇದನ್ನು ಗಣಿತ ತೀರ್ಮಾನ ಮಾಡಲ್ಲ, ನೀವೇ ಮಾಡಬೇಕು.

ನಾನು ಇಟ್ಟುಕೊಂಡ ಈ ಅಂಕಿಗಳಿಗೆ ಓವನ್ನಿನ ಸ್ವಂತ ಟೈಮ್ ಕಾನ್ಸ್ಟೆಂಟ್ 10 ನಿಮಿಷದ ಹತ್ತಿರ ಬರುತ್ತೆ. ಕಂಟ್ರೋಲರ್ ಬಿಟ್ಟು ಮ್ಯಾನ್ಯುಯಲ್‌ನಲ್ಲಿ ಸ್ವಲ್ಪ ಪವರ್ ಏರಿಸಿ, 63%ಗೆ ಎಷ್ಟು ಹೊತ್ತು ಅಂತ ಅಳೆಯಿರಿ. ಎಷ್ಟು ಬರುತ್ತೋ ಇಂಟಿಗ್ರಲ್ ಟೈಮ್ ಅದರ ಹತ್ತಿರ ಇಳಿಸಿ. ಬಾಲ ಹೋಗುತ್ತೆ.

ಓವನ್_ಮನೆ

ಭಾನುವಾರ ಅಂಗಡಿ ಮುಚ್ಚಿದ ಮೇಲೆ ನೋಡ್ತೀನಿ. ವಾರದ ದಿನ ಓವನ್ ಮುಟ್ಟಿದರೆ ನಮ್ಮಪ್ಪ ಬಿಡಲ್ಲ.

ಕೊಳವೆ_ಕವಾಟ

ತಡವಾಗಿ ಬಂದೆ. ನಾನು ಕೆಮಿಕಲ್ ಪ್ಲಾಂಟ್ ಕಡೆಯವನು. ನಮ್ಮಲ್ಲಿ ಪೋಲನ್ನು ಕಿತ್ತು ಎಸೆಯೋದೇ ಇಲ್ಲ, ಅದರ ಜಾಗದಲ್ಲಿ ಒಂದು ತಡ, ಅಂದರೆ ಡೆಡ್ ಟೈಮ್, ಇಡ್ತೀವಿ. ಸ್ಕೋಗೆಸ್ಟಾಡ್ 2003ರಲ್ಲಿ ಬರೆದ ಅರ್ಧದ ನಿಯಮ. ಬಿಡಬೇಕಾದವುಗಳಲ್ಲಿ ದೊಡ್ಡದನ್ನು ಎರಡು ಭಾಗ ಮಾಡಿ, ಅರ್ಧ ಮುಖ್ಯ ಟೈಮ್ ಕಾನ್ಸ್ಟೆಂಟ್‌ಗೆ, ಅರ್ಧ ತಡಕ್ಕೆ. ಉಳಿದ ಚಿಕ್ಕವೆಲ್ಲ ತಡಕ್ಕೆ. ಸಂಕಟನ ಮೋಟಾರಿಗೆ ಹಾಕಿದರೆ ಟೈಮ್ ಕಾನ್ಸ್ಟೆಂಟ್ 105 ಮಿಲಿಸೆಕೆಂಡ್, ತಡ 7. ಕೈಯಲ್ಲೇ ಆಗುವ ಲೆಕ್ಕ. ಅದೇ ನಿಯಮದ ಶ್ರುತಿ ಸೂತ್ರ ಗೇನ್ 7.5 ಸಾಕು ಅನ್ನುತ್ತೆ. 20 ಇಟ್ಟಿದ್ದೇ ದುರಾಸೆ.

ಡ್ರೈವ್_ಅಕ್ಕ

7.5 ಒಳ್ಳೇ ಸಲಹೆ, ಓವರ್‌ಶೂಟ್ 16%ಗೆ ಇಳಿಯುತ್ತೆ. ಆದರೆ ನಿಮ್ಮ ಮಾಡೆಲ್ ತುಂಬ ಹೆದರುಪುಕ್ಕಲು. ಅದರ ಪ್ರಕಾರ ಗೇನ್ 24 ಆದರೆ ಲೂಪ್ ಹುಚ್ಚು ಹಿಡಿಯಬೇಕು. ಮೂರು ಪೋಲ್ ಇಟ್ಟು ಲೆಕ್ಕ ಹಾಕಿದರೆ ಮಿತಿ 67. ಸುಮಾರು ಮೂರು ಪಟ್ಟು ವ್ಯತ್ಯಾಸ. ಫಿಲ್ಟರ್ ಗೇನನ್ನೂ ಇಳಿಸುತ್ತೆ, ತಡ ಇಳಿಸಲ್ಲ. ಆ ಲಾಭವನ್ನು ನೀವು ಕೈಬಿಟ್ಟಿದ್ದೀರಿ. 2 ಮಿಲಿಸೆಕೆಂಡಿನ ವೈಂಡಿಂಗನ್ನು ತಡ ಮಾಡಿದರೆ ನನ್ನದೇನೂ ತಕರಾರಿಲ್ಲ, ಅಲ್ಲಿ ಅದೇ 14 ಡಿಗ್ರಿ ಬರುತ್ತೆ.

ಕೊಳವೆ_ಕವಾಟ

ಹೆದರುಪುಕ್ಕಲು ಅನ್ನೋದೇ ಅದರ ಗುಣ ಮೇಡಂ. ನೀವು ಮೂರು ಪೋಲ್ ಇದೆ ಅಂದಿರಿ. ನಾಲ್ಕನೆಯದು ಇಲ್ಲ ಅಂತ ಯಾರು ಬರೆದುಕೊಟ್ಟಿದ್ದಾರೆ? ಕಪ್ಲಿಂಗಿನ ತಿರುಚು, ಕಂಟ್ರೋಲರಿನ ಸ್ಯಾಂಪಲಿಂಗ್. 67 ಅನ್ನೋದು ಕಾಗದದ ಮೇಲಿನ ಅಂಕಿ.

ಸರ್ವೋ_ಸಂಕಟ

ಜಗಳ ಬೇಡ, ಇವತ್ತು ಲ್ಯಾಬ್‌ನಲ್ಲಿ ಏರಿಸಿ ನೋಡಿಯೇಬಿಟ್ಟೆ. ಗೇನ್ 24ರಲ್ಲಿ ಕುಣಿಯುತ್ತೆ ಆದರೆ ನಿಲ್ಲುತ್ತೆ. 40ರಲ್ಲೂ ನಿಂತಿತು, ತುಂಬ ಹೊತ್ತಾದ ಮೇಲೆ. 55 ದಾಟಿದ ಮೇಲೆ ನಿಲ್ಲಲೇ ಇಲ್ಲ, ಗುಂಯ್ ಅಂತ ಒಂದೇ ಸಮ. ಸ್ಕೋಪ್‌ನಲ್ಲಿ 35 ಹರ್ಟ್ಸ್ ಆಸುಪಾಸು. ಲ್ಯಾಬ್ ಅಸಿಸ್ಟೆಂಟ್ ಓಡಿಬಂದು ಸ್ವಿಚ್ ಆಫ್ ಮಾಡಿದರು. ಬೈಗುಳ ಇಲ್ಲಿ ಬರೆಯಲ್ಲ.

ಡ್ರೈವ್_ಅಕ್ಕ

ಮೂರು ಪೋಲ್ ಮಾಡೆಲ್ 67ರಲ್ಲಿ, 37.7 ಹರ್ಟ್ಸ್ ಅಂತ ಹೇಳಿತ್ತು. ಕಂಪನದ ಲೆಕ್ಕ ಹತ್ತಿರ ಬಂತು, ಮಿತಿ ಮೊದಲೇ ಬಂತು.

ಕೊಳವೆ_ಕವಾಟ

ಆ 12ರ ವ್ಯತ್ಯಾಸದಲ್ಲೇ ನನ್ನ ನಾಲ್ಕನೇ ಪೋಲ್ ಕೂತಿದೆ.

ಡ್ರೈವ್_ಅಕ್ಕ

ಇರಬಹುದು. ಟ್ಯಾಕೋದ ಗೇನ್ ಅಳತೆಯಲ್ಲಿ 20% ತಪ್ಪಿದ್ದರೂ ಇಷ್ಟೇ ಬರುತ್ತೆ. ಸಂಕಟ, ಅದನ್ನು ಹೇಗೆ ಅಳೆದೆ?

ಸರ್ವೋ_ಸಂಕಟ

ಅಳೆದಿಲ್ಲ ಅಕ್ಕ. ಲೇಬಲ್ ಮೇಲೆ ಇದ್ದಿದ್ದನ್ನೇ ತಗೊಂಡೆ.

ಇನ್ನೊಂದು ಮಾಡಿದೆ. ಫಿಲ್ಟರ್ ಕೆಪಾಸಿಟರ್ 1 ಮೈಕ್ರೋದಿಂದ 0.1ಕ್ಕೆ ಇಳಿಸಿದೆ. ಗೇನ್ 20ರಲ್ಲೇ ಇಟ್ಟೆ. ನಿಮ್ಮ ಐದು ಸಾಲಿನ ಕೋಡ್‌ನಲ್ಲಿ `T2 = 0.001` ಹಾಕಿದರೆ ಒಂದು ಪೋಲ್ -1139, ಜೋಡಿ -186 ± 240j. ಆರು ಪಟ್ಟು ಅಂತರ, ಹಾಗಾಗಿ ಜೋಡಿ ಮಾತ್ರ ಇಟ್ಟುಕೊಂಡೆ. ಓವರ್‌ಶೂಟ್ 9%, ಸೆಟಲ್ 21.5 ಮಿಲಿಸೆಕೆಂಡ್. ಸ್ಕೋಪ್‌ನಲ್ಲಿ 12% ಬಂತು. ತಮಾಷೆ ಅಂದರೆ ಮೊದಲು ನಾನು ತಪ್ಪು ಮಾಡೆಲ್‌ನಿಂದ ಹೇಳಿದ್ದ 20 ಮಿಲಿಸೆಕೆಂಡ್ ಈಗ ಹೆಚ್ಚು ಕಡಿಮೆ ನಿಜ ಆಯ್ತು.

ಆದರೆ ಬ್ರಷ್‌ನ ಗಲಾಟೆ ವಾಪಸ್ ಬಂದಿದೆ. ಮೋಟಾರ್ ಒಂದೇ ವೇಗದಲ್ಲಿ ಓಡುವಾಗಲೂ ಕಿರ್ ಅಂತ ಸದ್ದು ಮಾಡ್ತಾ ಬಿಸಿ ಆಗ್ತಿದೆ.

ರೇಡಿಯೋ_ರಾಯ

ಟ್ಯಾಕೋ ಬಾಯಲ್ಲೇ, ತಂತಿ ಹೊರಡೋ ಜಾಗದಲ್ಲಿ ಒಂದು ಚಿಕ್ಕ ಸೆರಾಮಿಕ್ ಹಾಕು. ಈ ಸಲ ನಿಜವಾಗಲೂ ಚಿಕ್ಕದು. ತಂತಿ ತಿರುಚಿದ್ದಾ, ಇಲ್ಲಾ ಎರಡು ಬೇರೆ ಬೇರೆ ಓಡ್ತಿದೆಯಾ?

ಸರ್ವೋ_ಸಂಕಟ

ಬೇರೆ ಬೇರೆ. ಮೋಟಾರಿನ ಪವರ್ ವಯರ್ ಪಕ್ಕದಲ್ಲೇ.

ಡ್ರೈವ್_ಅಕ್ಕ

ಮೊದಲು ಅದನ್ನು ತಿರುಚು, ಪವರ್ ವಯರಿಂದ ದೂರ ಎಳೆ. ಆಮೇಲೂ ಗಲಾಟೆ ಇದ್ದರೆ 0.22 ಹಾಕಿ ಕೋಡ್‌ನಲ್ಲಿ `T2` ಬದಲಿಸಿ ನೋಡು, ಫಲಿತಾಂಶ ಇಲ್ಲಿ ಹಾಕು. ಟ್ಯಾಕೋ ಗೇನ್ ಕೂಡ ಅಳೆದು ಬಾ, ಕವಾಟ ಅವರ ನಾಲ್ಕನೇ ಪೋಲ್ ಇದೆಯೋ ಇಲ್ಲವೋ ಅದರಲ್ಲೇ ಗೊತ್ತಾಗುತ್ತೆ.